ದಿನ ಲೆಕ್ಕದ ಸರಳ ಬಡ್ಡಿ: ಎರಡು ತುದಿಯಲ್ಲಿ ಯಾವ ದಿನ ಬಿಡಬೇಕು?

ಸೂತ್ರ ಎಲ್ಲರಿಗೂ ಗೊತ್ತು: ಅಸಲು × ದರ × ದಿನ ÷ (100 × 365). ತೊಡಕಿರುವುದು ‘ದಿನ’ದಲ್ಲಿ.

ಮಾಟುಂಗಾದ ಒಬ್ಬ ತಿಂಡಿ ಅಂಗಡಿಯವರು ಹೊಸ ಗ್ರೈಂಡರ್‌ಗೆಂದು 2025ರ ಜುಲೈ 20ರಂದು 73,000 ರೂಪಾಯಿ ಸಾಲ ತಂದರು ಎಂದುಕೊಳ್ಳಿ. ವರ್ಷಕ್ಕೆ ಶೇ. 12 ಬಡ್ಡಿ, ಅಕ್ಟೋಬರ್ 10ಕ್ಕೆ ಅಸಲು, ಬಡ್ಡಿ ಎರಡನ್ನೂ ಒಟ್ಟಿಗೆ ತೀರಿಸುವುದು. ವರ್ಷದ ಬಡ್ಡಿ 8,760. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 24 ರೂಪಾಯಿ. ನಾನು ಯಾವಾಗಲೂ ಮೊದಲು ಈ ದಿನದ ಬಡ್ಡಿಯನ್ನೇ ತೆಗೆದಿಟ್ಟುಕೊಳ್ಳುತ್ತೇನೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಈಗ ದಿನ ಎಣಿಸೋಣ. ಸಾಲ ಎಷ್ಟು ರಾತ್ರಿ ತಲೆಯ ಮೇಲಿತ್ತು ಎಂದು ಕೇಳಿಕೊಳ್ಳಿ. ಬಡ್ಡಿ ಬೀಳುವುದು ದಿನದ ಕೊನೆಗೆ ಉಳಿದ ಬಾಕಿಯ ಮೇಲೆ. ಜುಲೈ 20ರ ರಾತ್ರಿ ಸಾಲ ಇತ್ತು, ಹಾಗಾಗಿ ಆ ದಿನ ಲೆಕ್ಕಕ್ಕೆ ಬರುತ್ತದೆ. ಅಕ್ಟೋಬರ್ 10ರ ರಾತ್ರಿಗೆ ಸಾಲ ತೀರಿತ್ತು, ಅದು ಬರುವುದಿಲ್ಲ. ಜುಲೈಯಲ್ಲಿ 12, ಆಗಸ್ಟ್‌ನಲ್ಲಿ 31, ಸೆಪ್ಟೆಂಬರ್‌ನಲ್ಲಿ 30, ಅಕ್ಟೋಬರ್‌ನಲ್ಲಿ 9, ಒಟ್ಟು 82. ಬಡ್ಡಿ 82 × 24 = 1,968 ರೂಪಾಯಿ. ಎಕ್ಸೆಲ್‌ನಲ್ಲಿ ತಾಳೆ ನೋಡಬೇಕಿದ್ದರೆ:

```
=DATE(2025,10,10)-DATE(2025,7,20)
```

ಇದೂ 82 ಎಂದೇ ಹೇಳುತ್ತದೆ. ಇದಕ್ಕೆ 1 ಕೂಡಿಸಬೇಡಿ.

ದಿನದ ಬಡ್ಡಿಯ ಉಪಯೋಗ ಇಲ್ಲಿದೆ. ನಿಮ್ಮ ಉತ್ತರ 1,992 ಬಂದಿದ್ದರೆ ವ್ಯತ್ಯಾಸ 24, ಅಂದರೆ ಒಂದು ದಿನ ಹೆಚ್ಚು: ಎರಡೂ ತುದಿಯನ್ನು ಎಣಿಸಿದ್ದೀರಿ. 1,920 ಬಂದಿದ್ದರೆ ವ್ಯತ್ಯಾಸ 48, ಎರಡು ದಿನ ಕಡಿಮೆ: ‘ಎರಡು ತಿಂಗಳು 20 ದಿನ’ ಎಂದು ತಿಂಗಳಿಗೆ 30ರಂತೆ ಹಿಡಿದಿದ್ದೀರಿ, ಜುಲೈ ಮತ್ತು ಆಗಸ್ಟ್‌ನ 31ನೇ ತಾರೀಕು ಬಿಟ್ಟುಹೋಗಿವೆ. ವ್ಯತ್ಯಾಸ 24ರಿಂದ ಸರಿಯಾಗಿ ಭಾಗವಾಗದಿದ್ದರೆ ದಿನ ಬಿಟ್ಟು ಭಾಜಕ ನೋಡಿ. 82 ದಿನವನ್ನೇ ಹಿಡಿದು 360ರಿಂದ ಭಾಗಿಸಿದರೆ 1,995.33 ಬರುತ್ತದೆ. ಡಾಲರ್ ಸಾಲಗಳಲ್ಲಿ 360 ವಾಡಿಕೆ, ರೂಪಾಯಿ ಸಾಲದಲ್ಲಿ 365. ಅಧಿಕ ವರ್ಷವಾದರೆ 365ಓ 366ಓ ಎಂಬುದನ್ನು ಸಾಲಪತ್ರ ನೋಡಿಯೇ ಹಿಡಿಯಬೇಕು.

ನಡುವೆ ಸ್ವಲ್ಪ ಅಸಲು ಕಟ್ಟಿದರೂ ರಾತ್ರಿಯ ಲೆಕ್ಕ ಕೈಬಿಡುವುದಿಲ್ಲ. ಸೆಪ್ಟೆಂಬರ್ 1ರಂದು ಅಸಲಿಗೇ 36,500 ಕಟ್ಟಿದರು ಎನ್ನಿ. ಆಗಸ್ಟ್ 31ರ ರಾತ್ರಿಯವರೆಗೆ 43 ದಿನ, ದಿನಕ್ಕೆ 24ರಂತೆ 1,032. ಸೆಪ್ಟೆಂಬರ್ 1ರ ರಾತ್ರಿ ಬಾಕಿ ಆಗಲೇ ಅರ್ಧಕ್ಕಿಳಿದಿದೆ, ಆ ದಿನ ಹೊಸ ಬಾಕಿಯ ಪಾಲಿಗೇ ಸೇರುತ್ತದೆ: 39 ದಿನ, 12ರಂತೆ 468. ಒಟ್ಟು 1,500. ಇಂಥ ಲೆಕ್ಕದಲ್ಲಿ 43 + 39 ಕೂಡಿ ಮತ್ತೆ 82 ಬರುತ್ತದೆಯೇ ನೋಡಿ. 83 ಬಂದರೆ ಕಟ್ಟಿದ ದಿನವನ್ನು ಎರಡೂ ಕಡೆ ಎಣಿಸಿದ್ದೀರಿ.