100 ಎಂಬಿಪಿಎಸ್ ಪ್ಲಾನ್, ಡೌನ್‌ಲೋಡ್ ಮಾತ್ರ 11 ಎಂಬಿ: ಇದು ಮೋಸವೇ?

ಪ್ರಶ್ನೆ: ಮನೆಗೆ 100 Mbps ಬ್ರಾಡ್‌ಬ್ಯಾಂಡ್ ಹಾಕಿಸಿದ್ದೇವೆ. ದೊಡ್ಡ ಫೈಲ್ ಇಳಿಸುವಾಗ ಬ್ರೌಸರ್ 11 MB/s ದಾಟುವುದೇ ಇಲ್ಲ. ಉಳಿದ ಸ್ಪೀಡ್ ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ, ನಿಮಗೆ ಬರಬೇಕಾದ್ದು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಬರುತ್ತಿದೆ. Mbps ಎಂಬಲ್ಲಿರುವ ಸಣ್ಣ b ಬಿಟ್, MB/s ಎಂಬಲ್ಲಿರುವ ದೊಡ್ಡ B ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5 ಬರುತ್ತದೆ. ಡೇಟಾ ತುಂಡುತುಂಡಾಗಿ ಬರುವಾಗ ಪ್ರತಿ ತುಂಡಿನ ಜೊತೆಗೂ ವಿಳಾಸದಂಥ ಮಾಹಿತಿ ಬರಬೇಕು. ಅದಕ್ಕೆ ನೂರಕ್ಕೆ ಐದರಷ್ಟು ಕಳೆದರೆ ಉಳಿಯುವುದು 12ಕ್ಕಿಂತ ಸ್ವಲ್ಪ ಕಡಿಮೆ.

ಎರಡು ಅಳತೆ ಏಕೆಂದರೆ, ತಂತಿಯಲ್ಲಿ ಡೇಟಾ ಒಂದರ ಹಿಂದೆ ಒಂದು ಬಿಟ್ ಆಗಿ ಸಾಗುತ್ತದೆ. ಹಳೆಯ 56 ಕೆಬಿಪಿಎಸ್ ಡಯಲ್‌ಅಪ್ ಮೋಡೆಮ್ ಕಾಲದಲ್ಲೂ ಲೆಕ್ಕ ಬಿಟ್‌ನಲ್ಲೇ ಇತ್ತು. ಕಂಪ್ಯೂಟರಿನ ಮೆಮೊರಿ ಮತ್ತು ಡಿಸ್ಕ್ ಡೇಟಾವನ್ನು ಬೈಟ್‌ಗಳಾಗಿ ಇಟ್ಟುಕೊಳ್ಳುವುದರಿಂದ ಫೈಲಿನ ಗಾತ್ರ ಬೈಟ್‌ನಲ್ಲಿರುತ್ತದೆ. ಕಂಪನಿಗಳು ಬಿಟ್ ಬಳಸುವುದು ತಪ್ಪಲ್ಲ.

ನನಗೆ ಸರಿಕಾಣದಿರುವುದು ಬೇರೆ. ಒಂದೇ ಜಾಹೀರಾತಿನಲ್ಲಿ ಸ್ಪೀಡ್ ಬಿಟ್‌ನಲ್ಲಿ, ತಿಂಗಳ ಡೇಟಾ ಮಿತಿ ಬೈಟ್‌ನಲ್ಲಿ ಇರುತ್ತದೆ. ಎರಡನ್ನೂ ಹೊಂದಿಸಿ ನೋಡುವ ದಾರಿಯನ್ನು ಯಾರೂ ಹೇಳುವುದಿಲ್ಲ. 100 Mbps ಸ್ಪೀಡ್, 3300 ಜಿಬಿ ಮಿತಿ, ಅದು ಮುಗಿದ ಮೇಲೆ 2 Mbps ಇರುವ ಪ್ಲಾನ್ ತೆಗೆದುಕೊಳ್ಳಿ. 4 ಜಿಬಿಯ ಸಿನಿಮಾ ಇಳಿಸಬೇಕು. 4 ಜಿಬಿ ಎಂದರೆ 4000 ಎಂಬಿ, 100 ಎಂದರೆ ನೂರು ಎಂಬಿ ಎಂದುಕೊಂಡವರು 40 ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು ಕಾಯುತ್ತಾರೆ. ನಿಜವಾಗಿ 4000ವನ್ನು 12.5ರಿಂದ ಭಾಗಿಸಬೇಕು: 320 ಸೆಕೆಂಡ್, ಐದು ನಿಮಿಷಕ್ಕೂ ಮೇಲೆ. ಮಿತಿ ದಾಟಿದ ಮೇಲಿನ 2 Mbps ಎಂದರೆ ಸೆಕೆಂಡಿಗೆ ಕಾಲು ಎಂಬಿ. ಅದೇ ಸಿನಿಮಾಕ್ಕೆ ಆಗ ಸುಮಾರು ನಾಲ್ಕೂವರೆ ಗಂಟೆ ಬೇಕು. ಹಾಗಾಗಿ ಮನೆಯಲ್ಲಿ ಡೇಟಾ ಬಳಕೆ ಜಾಸ್ತಿಯಿದ್ದರೆ, ದಪ್ಪಕ್ಷರದ ಸಂಖ್ಯೆಗಿಂತ ನಕ್ಷತ್ರ ಗುರುತಿನ ಕೆಳಗಿರುವ ಈ ಸಣ್ಣ ಸಂಖ್ಯೆಯನ್ನೇ ಮೊದಲು ನೋಡಿ.

ನಿಜವಾದ ದೋಷವನ್ನು ಗುರುತಿಸುವುದು ಹೇಗೆ? ಬ್ರೌಸರ್ ತೋರಿಸುವ ಸಂಖ್ಯೆಯನ್ನು 8ರಿಂದ ಗುಣಿಸಿ ಪ್ಲಾನಿನ ಜೊತೆ ಹೋಲಿಸಿ. ನಿಮ್ಮದು 88, ಅದು ಸರಿಯೇ ಇದೆ. ಆದರೆ 300 Mbps ಪ್ಲಾನಿನಲ್ಲೂ ಇದೇ 11 MB/sಗೆ ಸದಾ ನಿಂತುಬಿಟ್ಟರೆ ಕಂಪನಿಗೆ ಫೋನ್ ಮಾಡುವ ಮೊದಲು ರೂಟರಿನಿಂದ ಕಂಪ್ಯೂಟರಿಗೆ ಬಂದಿರುವ ಕೇಬಲ್ ನೋಡಿ. ಒಳಗಿನ ಎಂಟು ತಂತಿಗಳಲ್ಲಿ ಒಂದು ತುಂಡಾಗಿದ್ದರೂ, ಅಥವಾ ಯಾವುದಾದರೂ ಒಂದು ತುದಿಯ ಪೋರ್ಟ್ ಹಳೆಯದಾಗಿದ್ದರೂ, ಸಂಪರ್ಕ 100 Mbpsಗೆ ಇಳಿದುಬಿಡಬಹುದು.