ಎಂಓಕ್ಯೂ: ಬಾಕ್ಸ್ ದರದ ಪಕ್ಕದ ಮೂರಕ್ಷರ

ಕ್ಲೌಡ್ ಕಿಚನ್ ನಡೆಸುವವರಿಗೆ ಪ್ಯಾಕೇಜಿಂಗ್ ಸಪ್ಲೈಯರ್‌ಗಳಿಂದ ಬರುವ ಇಮೇಲ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪೀಸಿಗೆ ಇಷ್ಟು, ಎಂಓಕ್ಯೂ ಇಷ್ಟು, ಜಿಎಸ್‌ಟಿ ಮತ್ತು ಸಾಗಣೆ ಬೇರೆ, ಸ್ಯಾಂಪಲ್ ಬೇಕಿದ್ದರೆ ತಿಳಿಸಿ. ಓದುವವರ ಕಣ್ಣು ಮೊದಲು ಬೀಳುವುದು ದರದ ಮೇಲೆ. ಆ ದರ ನಮ್ಮ ಕಿಚನ್‌ಗೆ ಒಗ್ಗುತ್ತದೆಯೇ ಎಂಬುದು ಗೊತ್ತಾಗುವುದು ಮಾತ್ರ ಎಂಓಕ್ಯೂ ಓದಿದ ಮೇಲೆ.

ಎಂಓಕ್ಯೂ ಅಂದರೆ ಮಿನಿಮಮ್ ಆರ್ಡರ್ ಕ್ವಾಂಟಿಟಿ, ಒಂದು ಸಲಕ್ಕೆ ತೆಗೆದುಕೊಳ್ಳಲೇಬೇಕಾದ ಕನಿಷ್ಠ ಸಂಖ್ಯೆ. ಪ್ರಿಂಟ್ ಮಾಡಿದ ಬಾಕ್ಸ್‌ಗೆ ಪ್ರತಿ ಬಣ್ಣಕ್ಕೊಂದು ಪ್ಲೇಟ್ ಬೇಕು, ಆಕಾರಕ್ಕೆ ಕತ್ತರಿಸಲು ಡೈ ಬೇಕು. ಮಷಿನ್ ಸೆಟ್ ಆಗಿ ಬಣ್ಣ ಸರಿಯಾಗಿ ಕೂರುವಷ್ಟರಲ್ಲಿ ಒಂದಷ್ಟು ಹಾಳೆ ವೇಸ್ಟ್ ಆಗಿರುತ್ತದೆ. ಐನೂರು ಹೊಡೆದರೂ ಹತ್ತು ಸಾವಿರ ಹೊಡೆದರೂ ಈ ಖರ್ಚು ಅಷ್ಟೇ. ಸಂಖ್ಯೆ ಹೆಚ್ಚಿದಂತೆ ಪೀಸಿನ ದರ ಇಳಿಯುವುದು ಅದಕ್ಕೇ. ಪ್ರಿಂಟ್ ಇಲ್ಲದ ರೆಡಿ ಸೈಜ್ ಬಾಕ್ಸ್‌ಗೆ ಎಂಓಕ್ಯೂ ತೀರಾ ಕಡಿಮೆ ಇರುವುದೂ ಇದೇ ಕಾರಣಕ್ಕೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ದಿನಕ್ಕೆ ನಲವತ್ತು ಬಿಸಿಬೇಳೆಬಾತ್ ಕಳಿಸುವ ಕಿಚನ್ ಅಂದುಕೊಳ್ಳಿ. ಕೋಟೇಶನ್‌ನಲ್ಲಿ 5,000 ಬಾಕ್ಸ್‌ಗೆ ಪೀಸಿಗೆ 7 ರೂ., 10,000 ತೆಗೆದುಕೊಂಡರೆ 6.20 ರೂ. ಪ್ಲೇಟ್ ಮತ್ತು ಡೈಗೆ ಒಂದೇ ಸಲ 4,500 ರೂ., ಜಿಎಸ್‌ಟಿ 5%. ಟೆಂಪೋ ಬಾಡಿಗೆ 5,000ಕ್ಕೆ 1,000 ರೂ., 10,000ಕ್ಕೆ 1,600 ರೂ. ಎಲ್ಲ ಕೂಡಿಸಿದರೆ 5,000 ಬಾಕ್ಸ್‌ಗೆ 42,475 ರೂ., ಅಂದರೆ ಪೀಸಿಗೆ ಸುಮಾರು 8.50. ಹತ್ತು ಸಾವಿರಕ್ಕೆ 71,425 ರೂ., ಪೀಸಿಗೆ 7.14. ಇಮೇಲ್‌ನಲ್ಲಿದ್ದ 7 ರೂಪಾಯಿ ಬಾಕ್ಸ್ ಕಿಚನ್ ಬಾಗಿಲಿಗೆ ಬರುವಷ್ಟರಲ್ಲಿ ಎಂಟೂವರೆ ಆಯಿತು. ಇಲ್ಲಿ ಜಿಎಸ್‌ಟಿಯನ್ನು ಬಿಡದೆ ಸೇರಿಸಬೇಕು. ರೆಸ್ಟೋರೆಂಟ್ ಸೇವೆಯ ಮೇಲಿನ 5% ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ, ಹಾಗಾಗಿ ಬಾಕ್ಸ್ ಮೇಲೆ ಕಟ್ಟಿದ ತೆರಿಗೆ ನಮ್ಮ ಖರ್ಚೇ.

ಇಷ್ಟಕ್ಕೆ ನೋಡಿದರೆ ಹತ್ತು ಸಾವಿರವೇ ಲಾಭ ಅನ್ನಿಸುತ್ತದೆ. ಆದರೆ ದಿನಕ್ಕೆ ನಲವತ್ತರಂತೆ ಅದು ಮುಗಿಯಲು 250 ದಿನ ಬೇಕು. ಅಷ್ಟರೊಳಗೆ ಮಳೆಗಾಲ ಬಂದು ಪೇಪರ್ ಬಾಕ್ಸ್ ತೇವ ಹೀರಿ ಮೆತ್ತಗಾಗಬಹುದು, ಅಂಟು ಬಿಡಬಹುದು. ಮೆನು ಬದಲಾಗಬಹುದು, ಹೆಸರೋ ಫೋನ್ ನಂಬರೋ ಬದಲಾಗಬಹುದು. 1,600 ಬಾಕ್ಸ್ ಹಾಳಾದರೆ ಉಳಿದ 8,400ರ ಮೇಲೆ ಪೀಸಿನ ದರ ಮತ್ತೆ 8.50ಕ್ಕೇ ಬಂದು ನಿಲ್ಲುತ್ತದೆ. ಮೇಲಾಗಿ ಹೆಚ್ಚುವರಿ 28,950 ರೂ. ಗೋಡೆ ಪಕ್ಕ ಪೇರಿಸಿಟ್ಟ ಕಾರ್ಟನ್‌ಗಳಲ್ಲಿ ಸಿಕ್ಕಿಕೊಂಡಿರುತ್ತದೆ. ನನ್ನನ್ನು ಕೇಳಿದರೆ, ಮೂರ್ನಾಲ್ಕು ತಿಂಗಳಲ್ಲಿ ಖರ್ಚಾಗದಷ್ಟು ಪ್ರಿಂಟೆಡ್ ಬಾಕ್ಸ್ ತರಿಸಬಾರದು.

ಎಂಓಕ್ಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಹತ್ತು ಸಾವಿರ ಒಟ್ಟಿಗೇ ಪ್ರಿಂಟ್ ಮಾಡಿ, ನಿಮ್ಮ ಗೋಡೌನ್‌ನಲ್ಲಿಟ್ಟು ಎರಡೂವರೆ ಸಾವಿರದಂತೆ ಕಳಿಸಿ, ಕಳಿಸಿದ ಹಾಗೆ ಬಿಲ್ ಮಾಡಿ ಎಂದು ಕೇಳಬಹುದು. ಒಪ್ಪುವವರಿದ್ದಾರೆ, ಟೆಂಪೋ ಖರ್ಚು ಮಾತ್ರ ಹೆಚ್ಚುತ್ತದೆ. ಅವರ ಬಳಿ ಆಗಲೇ ಇರುವ ಡೈ ಸೈಜ್‌ಗೆ ಒಪ್ಪಿಕೊಂಡರೆ ಡೈ ಖರ್ಚು ಉಳಿಯುತ್ತದೆ. ಇನ್ನೊಂದು ವಿಷಯವನ್ನು ಬರಹದಲ್ಲೇ ಕೇಳಿಕೊಳ್ಳಿ: 5,000 ಅಂದರೆ ಎಲ್ಲ ಸೈಜ್ ಸೇರಿಯೋ, ಒಂದೊಂದು ಸೈಜ್‌ಗೋ? ಸಾಮಾನ್ಯವಾಗಿ ಒಂದು ಸೈಜ್, ಒಂದು ಡಿಸೈನ್‌ಗೆ. ಮೂರು ಸೈಜ್ ಬೇಕೆಂದರೆ 15,000 ಆಗಿಬಿಡುತ್ತದೆ.

ಸ್ಯಾಂಪಲ್ ವಿಷಯಕ್ಕೆ ಬಂದರೆ, ಕೆಲವು ಸಲ ಕೈಯಲ್ಲಿ ಕತ್ತರಿಸಿ ಮಡಚಿದ ಖಾಲಿ ಬಾಕ್ಸ್ ಕಳಿಸುತ್ತಾರೆ. ಅದರಿಂದ ಅಳತೆ ಗೊತ್ತಾಗುತ್ತದೆ, ಒಳಗಿನ ಕೋಟಿಂಗ್ ಎಣ್ಣೆ ತಡೆಯುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ಮಷಿನ್‌ನಲ್ಲಿ ಓಡಿದ ಮಾಲಿನ ಹತ್ತು ಪೀಸ್ ಕೇಳಿ. ಒಂದಕ್ಕೆ ತುಪ್ಪ ಹಾಕಿದ ಬಿಸಿಬೇಳೆಬಾತ್ ಒಲೆಯಿಂದ ಇಳಿಸಿದ ಕೂಡಲೇ ತುಂಬಿ, ಮುಚ್ಚಿ, ಸ್ಕೂಟರ್ ಬ್ಯಾಗ್‌ನಲ್ಲಿಟ್ಟು ಮುಕ್ಕಾಲು ಗಂಟೆ ಓಡಾಡಿಸಿ. ತೆಗೆದಾಗ ತಳ ಒತ್ತಿ ನೋಡಿ, ಮೂಲೆಗಳಲ್ಲಿ ಎಣ್ಣೆಯ ಕಲೆ ಹುಡುಕಿ, ಮುಚ್ಚಳದ ನಾಲಿಗೆ ಬಿಚ್ಚಿಕೊಂಡಿದೆಯೇ ನೋಡಿ.

ತುಂಬುವ ಮೊದಲೇ ಹತ್ತೂ ಪೀಸ್‌ಗಳನ್ನು ತಕ್ಕಡಿಗೆ ಹಾಕಿ ತೂಕ ಬರೆದಿಟ್ಟುಕೊಳ್ಳಿ. ಒಂದು ಬಾಕ್ಸ್‌ಗೆ 0.06 ಚದರ ಮೀಟರ್ ಹಾಳೆ, 300 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ 300 ಗ್ರಾಂ ತೂಗುವ ಕಾಗದ ಆದರೆ ಒಂದಕ್ಕೆ 18 ಗ್ರಾಂ, ಹತ್ತಕ್ಕೆ 180. ಆರ್ಡರ್ ಬಂದ ದಿನ ಬೇರೆ ಬೇರೆ ಕಾರ್ಟನ್‌ಗಳಿಂದ ಹತ್ತು ಎತ್ತಿ ತೂಗಿದಾಗ 150ರ ಹತ್ತಿರ ಬಂದರೆ, ಕಾಗದ 250 ಜಿಎಸ್‌ಎಂಗೆ ಇಳಿದಿದೆ ಎಂದರ್ಥ. ಕಣ್ಣಿಗೂ ಕೈಗೂ ಸುಲಭವಾಗಿ ತಿಳಿಯದ ಈ ವ್ಯತ್ಯಾಸವನ್ನು ತಕ್ಕಡಿ ಹೇಳುತ್ತದೆ. ಸಹಿ, ತಾರೀಖು ಹಾಕಿದ ಒಂದು ಸ್ಯಾಂಪಲ್ ಅನ್ನು ಆ ಸ್ಟಾಕ್ ಮುಗಿಯುವವರೆಗೆ ಎತ್ತಿಟ್ಟಿರಿ. ಮಾಲು ಬೇರೆ ಬಂದರೆ, ಅದರ ಪಕ್ಕದಲ್ಲಿಟ್ಟು ಫೋಟೊ ತೆಗೆದು ಕೋಟೇಶನ್ ಬಂದ ಅದೇ ಇಮೇಲ್‌ಗೆ ಉತ್ತರವಾಗಿ ಕಳಿಸಲು ಬೇಕಾಗುತ್ತದೆ.