ಬೋರ್ಡ್ ನೆಲದಿಂದ ನಾಲ್ಕು ಫೂಟು ಅಂತೀರಿ, ಯಾವ ನೆಲದಿಂದ?

ಪ್ರಶ್ನೆ: ನಮ್ಮ ಹೊಸ ಮನೆಗೆ ಮುಂದಿನ ವಾರ ಗಿಲಾವ್ ಶುರು. ಅದಕ್ಕಿಂತ ಮೊದಲು ಪೈಪು, ಬಾಕ್ಸು ಕೂರಿಸಬೇಕು. ಸ್ವಿಚ್ ಬೋರ್ಡ್ ನೆಲದಿಂದ ಎಷ್ಟು ಎತ್ತರ ಇರಬೇಕು?

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. ಬರೀ ಅಳತೆ ಬೇಕಂದ್ರೆ ಒಂದೇ ಉಸಿರಿಗೆ ಹೇಳಿಬಿಡ್ತೀನಿ. ಓಡಾಡುವ ಜಾಗದ ಬೋರ್ಡಿಗೆ ನಾಲ್ಕು ಫೂಟು. ಟಿವಿ ಬಿಟ್ಟು ಉಳಿದ ಕೆಳಗಿನ ಪ್ಲಗ್ಗಿಗೆ ಒಂದು ಫೂಟು. ಮಂಚದ ಪಕ್ಕ ಎರಡರಿಂದ ಎರಡೂಕಾಲು. ಅಡುಗೆ ಕಟ್ಟೆಯ ಮೇಲೆ, ಕಲ್ಲಿನಿಂದ ಎಂಟ್ಹತ್ತು ಇಂಚು ಬಿಟ್ಟು. ಎಲ್ಲವೂ ಬಾಕ್ಸಿನ ಕೆಳ ಅಂಚಿಗೆ ಹೇಳಿದ ಅಳತೆ. ಚಿಕ್ಕ ಬೋರ್ಡು, ದೊಡ್ಡ ಬೋರ್ಡು ಒಂದೇ ಗೋಡೆಯಲ್ಲಿ ಬಂದಾಗ ಕೆಳಗಿನ ಅಂಚು ಸಮ ಇದ್ದರೆ ಕಣ್ಣಿಗೆ ಹಿತ.

ಆದ್ರೆ ಮನೆಗಳು ಕೆಡುವುದು ಈ ಅಂಕಿ ಗೊತ್ತಿಲ್ಲದೆ ಅಲ್ಲ. "ನೆಲದಿಂದ" ಅನ್ನುವ ಮಾತಿನಿಂದ. ಗಿಲಾವ್ ಆಗದ ಮನೆಯಲ್ಲಿ ನೆಲ ಎಲ್ಲಿದೆ? ಒಂದು ಕೋಣೆಯಲ್ಲಿ ಕಾಂಕ್ರೀಟ್ ಬೆಡ್ ಬಿದ್ದಿರುತ್ತೆ, ಪಕ್ಕದ್ದರಲ್ಲಿ ಇನ್ನೂ ಗರಸು ತುಂಬಿಟ್ಟಿರುತ್ತಾರೆ. ವೈರಿಂಗ್ ಹುಡುಗರು ಟೇಪಿನ ತುದಿಯನ್ನು ಕಾಲ ಹತ್ತಿರ ಊರಿ, ನಾಲ್ಕು ಫೂಟಿಗೆ ಪೆನ್ಸಿಲ್ ಎಳೆದು ಮುಂದೆ ಹೋಗುತ್ತಾರೆ. ಕೇಳಿದರೆ ಬರುವ ಉತ್ತರ ಇದೇ: "ಹೆಚ್ಚು ಕಮ್ಮಿ ಆದ್ರ ಗಿಲಾವ್‌ದಾಗ ಅಡ್ಜಸ್ಟ್ ಆಗ್ತದ ರೀ."

ಆಗಲ್ಲ. ಗಿಲಾವ್ ಮುಚ್ಚುವುದು ಗೋಡೆಯ ದಪ್ಪವನ್ನು, ಎತ್ತರವನ್ನಲ್ಲ. ಒಳಗಿನ ಗಿಲಾವ್ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ ಇರುತ್ತೆ. ಬಾಕ್ಸು ಅಷ್ಟು ಒಳಗೆ ಹೋಗಿದ್ದರೆ ಉದ್ದದ ಸ್ಕ್ರೂ ಹಾಕಿ ಸಂಭಾಳಿಸಬಹುದು. ಆದರೆ ನಾಲ್ಕು ಇಂಚು ಕೆಳಗೆ ಕೂತ ಬಾಕ್ಸನ್ನು ಯಾವ ಗೌಂಡಿಯೂ ಗಿಲಾವಿನಲ್ಲಿ ಮೇಲೆ ತರಲಾರ.

ವಿಜಯಪುರದ ಸೋಲಾಪುರ ರಸ್ತೆ ಕಡೆ ನಾನು ನೋಡಲು ಹೋದ ಒಂದು ಮನೆಯ ಲೆಕ್ಕ ಹೇಳ್ತೀನಿ. ಹಾಲ್‌ನಲ್ಲಿ ಬೆಡ್ ಆಗಿತ್ತು. ಅದರ ಮೇಲೆ ಇನ್ನು ಮಸಾಲೆ ಮತ್ತು ಟೈಲ್ಸ್ ಸೇರಿ ಎರಡೂವರೆ ಇಂಚು ಬರಬೇಕಿತ್ತು. ಮಲಗುವ ಕೋಣೆ ಮತ್ತು ಅಡುಗೆಮನೆಯಲ್ಲಿ ಬರೀ ಗರಸು. ಅಲ್ಲಿ ನಾಲ್ಕು ಇಂಚು ಬೆಡ್, ಮೇಲೆ ಎರಡೂವರೆ ಇಂಚು, ಒಟ್ಟು ಆರೂವರೆ ಇಂಚು ಬಾಕಿ. ಮೂರೂ ಕಡೆ ಟೇಪು ಕಾಲಿನ ಹತ್ತಿರದಿಂದಲೇ ಹಿಡಿದಿದ್ದರು. ಟೈಲ್ಸ್ ಆದ ಮೇಲೆ ನಿಂತ ನೆಲದಿಂದ ಅಳೆದರೆ ಹಾಲ್‌ನ ಬೋರ್ಡು ನಲವತ್ತೈದೂವರೆ ಇಂಚಿಗೆ, ಕೋಣೆಯದು ನಲವತ್ತೊಂದೂವರೆ ಇಂಚಿಗೆ. ಎರಡೂ ಒಂದೇ ಬಾಗಿಲಿನ ಆಚೆ ಈಚೆ ಇದ್ದವು. ಬಾಗಿಲು ತೆರೆದಾಗ ನಾಲ್ಕು ಇಂಚಿನ ಏರುಪೇರು ಕಣ್ಣಿಗೆ ಹೊಡೆಯುತ್ತಿತ್ತು.

ಅದನ್ನಾದರೂ ಸಹಿಸಿಕೊಳ್ಳಬಹುದು. ಅಡುಗೆಮನೆಯದು ಸಹಿಸುವಂಥದ್ದಲ್ಲ. ಕಟ್ಟೆ ಮೂವತ್ತೆರಡು ಇಂಚು, ಅದರ ಮೇಲೆ ಹತ್ತು ಇಂಚು ಬಿಟ್ಟು ಬೋರ್ಡು ಅಂತ ಮಾತಾಗಿತ್ತು. ಅಂದ್ರೆ ನಲವತ್ತೆರಡು. ಹುಡುಗ ಗರಸಿನಿಂದ ನಲವತ್ತೆರಡು ಹಿಡಿದ. ಗೌಂಡಿ ಮಾತ್ರ ಕಟ್ಟೆಯನ್ನು ಪಕ್ಕಾ ನೆಲದಿಂದ ಲೆಕ್ಕ ಹಿಡಿದು ಕಟ್ಟಿದ. ಬೋರ್ಡು ಮೂವತ್ತೈದೂವರೆಗೆ ಇಳಿಯಿತು, ಕಲ್ಲಿನಿಂದ ಬರೀ ಮೂರೂವರೆ ಇಂಚು ಮೇಲೆ. ಮಿಕ್ಸರ್ ಪ್ಲಗ್ ಹಾಕಿದರೆ ವೈರು ಕಟ್ಟೆಗೆ ಬಾಗುತ್ತೆ, ಕಟ್ಟೆ ಒರೆಸಿದಾಗ ನೀರು ಸಾಕೆಟ್ಟಿಗೆ ಸಿಡಿಯುತ್ತೆ. ಆ ಮನೆಯ ಅವ್ವ ಆ ಪ್ಲಗ್ ಮುಟ್ಟಲು ಹೆದರುತ್ತಿದ್ದರು. ಕೊನೆಗೆ ಗೋಡೆಯ ಹೊಸ ಟೈಲ್ಸ್ ಒಡೆದೇ ಬಾಕ್ಸು ಮೇಲೆತ್ತಬೇಕಾಯಿತು.

ಹಾಗಾದ್ರೆ ಅಳೆಯುವುದು ಎಲ್ಲಿಂದ? ಇನ್ನೂ ಇಲ್ಲದ ನೆಲದಿಂದ. ಅದಕ್ಕೆ ಮೊದಲು ಯಜಮಾನರೇ ಒಂದು ಮಾತಿಗೆ ಬರಬೇಕು: ನೆಲಕ್ಕೆ ಏನು ಹಾಕಿಸ್ತೀರಿ? ಟೈಲ್ಸ್ ಆದರೆ ಅರ್ಧ ಇಂಚಿನ ಒಳಗೆ, ಗ್ರಾನೈಟ್ ಮುಕ್ಕಾಲು ಇಂಚು, ಶಹಾಬಾದ್ ಫರಸಿ ಅದಕ್ಕಿಂತಲೂ ದಪ್ಪ. ಇದು ತೀರ್ಮಾನ ಆದ ಮೇಲೆ, ಮುಂಬಾಗಿಲ ಚೌಕಟ್ಟಿನ ಮೇಲೆ ಪಕ್ಕಾ ನೆಲ ಎಲ್ಲಿಗೆ ಬರುತ್ತೆ ಅಂತ ಗೌಂಡಿಯಿಂದ ಗುರುತು ಹಾಕಿಸಿ. ಆ ಗುರುತಿನಿಂದ ಸರಿಯಾಗಿ ಮೂರು ಫೂಟು ಮೇಲೆ ಇನ್ನೊಂದು ಗುರುತು.

ಈಗ ಲೆವೆಲ್ ಪೈಪು ತರಿಸಿ, ಅದೇ ನೀರು ತುಂಬಿದ ಪಾರದರ್ಶಕ ಪೈಪು. ಒಬ್ಬರು ಚೌಕಟ್ಟಿನ ಗುರುತಿಗೆ ನೀರು ಹಿಡಿದು ನಿಲ್ಲಲಿ, ಇನ್ನೊಬ್ಬರು ಪ್ರತಿ ಕೋಣೆಯ ಮೂಲೆ ಮೂಲೆಗೂ ಅದನ್ನು ಒಯ್ಯಲಿ. ಒಳಗೆ ಗಾಳಿಯ ಗುಳ್ಳೆ ಇರಬಾರದು, ಎಲ್ಲೂ ಮಡಿಚಿರಬಾರದು, ಗುರುತು ಹಾಕುವಾಗ ಎರಡೂ ಬಾಯಿ ತೆರೆದಿರಬೇಕು. ಹೆಬ್ಬೆಟ್ಟು ಒತ್ತಿಕೊಂಡೇ ಗೆರೆ ಎಳೆಯುವವರನ್ನು ನೋಡಿದ್ದೀನಿ, ಆಗ ನೀರು ತನ್ನ ಮಟ್ಟಕ್ಕೆ ಬರುವುದೇ ಇಲ್ಲ. ಮನೆ ಸುತ್ತಿ ಮುಗಿದ ಮೇಲೆ ಕೊನೆಯ ಗುರುತಿನಿಂದ ಮತ್ತೆ ಮುಂಬಾಗಿಲಿಗೆ ಬನ್ನಿ. ಹೊರಟ ಗುರುತಿಗೇ ನೀರು ಬಂದು ನಿಂತರೆ ಕೆಲಸ ಸರಿ. ಮೂಲೆಯ ಗುರುತುಗಳ ನಡುವೆ ಬಣ್ಣದ ದಾರ ಜಗ್ಗಿ ಬಿಟ್ಟರೆ ಇಡೀ ಮನೆಗೆ ಒಂದೇ ಗೆರೆ ಸಿಗುತ್ತೆ.

ಇಲ್ಲಿಂದ ಮುಂದೆ ಟೇಪು ನೆಲ ಮುಟ್ಟುವ ಹಾಗಿಲ್ಲ. ನಾಲ್ಕು ಫೂಟಿನ ಬೋರ್ಡು ಅಂದ್ರೆ ಗೆರೆಯಿಂದ ಒಂದು ಫೂಟು ಮೇಲೆ. ಕೆಳಗಿನ ಪ್ಲಗ್ಗು ಎರಡು ಫೂಟು ಕೆಳಗೆ. ಅಡುಗೆಮನೆಯ ನಲವತ್ತೆರಡು ಇಂಚು ಅಂದ್ರೆ ಗೆರೆಯಿಂದ ಆರು ಇಂಚು ಮೇಲೆ. ಕೋಣೆಯಲ್ಲಿ ಗರಸಿರಲಿ, ಬೆಡ್ ಇರಲಿ, ಲೆಕ್ಕ ಬದಲಾಗಲ್ಲ. ಬಚ್ಚಲಿನ ನೆಲ ತಗ್ಗಿದ್ದರೂ ಇದೇ ಗೆರೆ.

ಗಿಲಾವ್ ಈ ಗೆರೆಯನ್ನೂ ಮುಚ್ಚಿಬಿಡುತ್ತೆ. ಅದಕ್ಕೇ ಹಿಂದಿನ ಸಂಜೆ ನೀವೇ ಟೇಪು ಹಿಡಿದು ಪ್ರತಿ ಬಾಕ್ಸಿನ ಕೆಳ ಅಂಚನ್ನು ಗೆರೆಯಿಂದ ಅಳೆಯಿರಿ. ಟೇಪು ಕಾಣುವ ಹಾಗೆ ಗೋಡೆಗೊಂದು ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಅಂತಲೂ ಅದೇ ಹೇಳುತ್ತೆ. ಪೈಪು ನೆಟ್ಟಗೆ ಮೇಲಿಂದ ಕೆಳಗೆ ಇಳಿದಿದೆಯಾ ಅಂತಲೂ ನೋಡಿ. ನಾಲ್ಕು ಇಂಚಿನ ಗೋಡೆಯಲ್ಲಿ ಅಡ್ಡ ಕಟಿಂಗ್ ಹೊಡೆಯಲು ಬಿಡಬೇಡಿ. ಅಡ್ಡ ಕಟಿಂಗಿನ ಆಳ ಗೋಡೆಯ ದಪ್ಪದ ಆರನೇ ಒಂದು ಭಾಗ ಮೀರಬಾರದು. ಅಂದ್ರೆ ನಾಲ್ಕು ಇಂಚಿಗೆ ಮುಕ್ಕಾಲು ಇಂಚೂ ಇಲ್ಲ, ಅಷ್ಟರಲ್ಲಿ ಪೈಪು ಮುಚ್ಚುವುದೇ ಇಲ್ಲ.

ನೀವು ಕೇಳಲಿಲ್ಲ, ಆದರೂ ಬಾಗಲಕೋಟೆ ಕಡೆ ಕಲ್ಲಿನ ಗೋಡೆ ಎಬ್ಬಿಸುತ್ತಿರುವವರಿಗೆ ಒಂದು ಮಾತು. ಇಟ್ಟಿಗೆಯವರಿಗೆ ಗಿಲಾವಿನ ತನಕ ಸಮಯ ಇದೆ, ನಿಮಗೆ ಇಲ್ಲ. ಕಲ್ಲಿನಲ್ಲಿ ಆಮೇಲೆ ಕಟಿಂಗ್ ಹೊಡೆದರೆ ಬ್ಲೇಡೂ ಸವೆಯುತ್ತೆ, ಸಂದಿನ ಮಸಾಲೆಯೂ ಅಲುಗುತ್ತೆ. ಪೈಪನ್ನು ಗೋಡೆ ಏರುವಾಗಲೇ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಮುಚ್ಚಳ ಹಾಕಿ, ಸುತ್ತ ಕಲ್ಲು ಕಟ್ಟಿಸಬೇಕು. ಬಾಕ್ಸಿನ ಜಾಗಕ್ಕೂ ಆಗಲೇ ಗೂಡು ಬಿಡಿಸಬೇಕು. ಕಲ್ಲಿನ ಮುಖ ಉಬ್ಬು ತಗ್ಗು ಇರುವುದರಿಂದ ಗಿಲಾವ್ ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಒಂದು ಇಂಚು ಬರುತ್ತೆ. ಹಾಗಾಗಿ ಬಾಕ್ಸಿನ ಮುಖವನ್ನು ಕಲ್ಲಿಗೆ ನೋಡಿ ಕೂರಿಸಬೇಡಿ. ಗೌಂಡಿ ಗಿಲಾವಿಗೆ ಮೊದಲು ಹಾಕಿಕೊಳ್ಳುವ ಮಟ್ಟದ ಗುರುತುಗಳಿಗೆ ದಾರ ಕಟ್ಟಿಸಿ, ಆ ದಾರಕ್ಕೆ ತಾಗುವಂತೆ ಕೂರಿಸಿ. ನಿಮ್ಮ ಮೂರು ಫೂಟಿನ ಲೆಕ್ಕ ಪ್ಲಿಂತ್ ಮುಗಿದ ದಿನವೇ ಶುರು. ಫರಸಿಯ ದಪ್ಪವನ್ನು ಅವತ್ತೇ ಗೌಂಡಿಗೆ ಹೇಳಿ, ಗೋಡೆ ಮೂರು ಫೂಟು ದಾಟಿದ ಕೂಡಲೇ ಮೂಲೆಗಲ್ಲಿನ ಮೇಲೆ ಗೆರೆ ಎಳೆಸಿ.